ಊಟವಾಗಿ ಎರಡು ಗಂಟೆಗೆ ಮತ್ತೆ ಇನ್ಸುಲಿನ್ ಬೇಕಾ?

"ಊಟ ಆಗಿ ಎರಡು ಗಂಟೆಗೆ ಶುಗರ್ ಜಾಸ್ತಿ ಬಂದ್ರೆ, ಕರೆಕ್ಷನ್ ಲೆಕ್ಕ ಹಾಕಿ ತಕ್ಷಣ ಇನ್ನೊಂದು ಡೋಸ್ ತಗೊಳ್ಳಿ."

ಇಂಥ ಸಲಹೆ ಕೇಳಿರಬಹುದು, ದಯವಿಟ್ಟು ಹೀಗೆ ಮಾಡಬೇಡಿ. ಟೈಪ್ 1 ಡಯಾಬಿಟಿಸ್ ಇರುವ ಒಬ್ಬರಿಗೆ ಡಾಕ್ಟರ್ 10 ಗ್ರಾಂ ಕಾರ್ಬ್‌ಗೆ 1 ಯೂನಿಟ್, ಕರೆಕ್ಷನ್ ಫ್ಯಾಕ್ಟರ್ 50, ಅಂದರೆ 1 ಯೂನಿಟ್‌ಗೆ ಶುಗರ್ ಸುಮಾರು 50 ಇಳಿಯುತ್ತೆ, ಗುರಿ 120 ಅಂತ ಹೇಳಿದ್ದಾರೆ ಅಂದುಕೊಳ್ಳಿ. ಊಟಕ್ಕೆ ಮುಂಚೆ ಶುಗರ್ 220, ತಟ್ಟೆಯಲ್ಲಿ ಅನ್ನ, ಸಾರು, ಪಲ್ಯ ಎಲ್ಲಾ ಸೇರಿ 60 ಗ್ರಾಂ ಕಾರ್ಬ್. ಊಟಕ್ಕೆ 6, ಗುರಿಗಿಂತ ಜಾಸ್ತಿ ಇರುವ 100ಕ್ಕೆ 2, ಒಟ್ಟು 8 ಯೂನಿಟ್.

ಊಟವಾಗಿ ಎರಡು ಗಂಟೆ ಕಳೆದ ಮೇಲೆ ಮೀಟರ್ 240 ತೋರಿಸಿತು. ಬರೀ ಲೆಕ್ಕ ನೋಡಿದರೆ ಇನ್ನೂ 2.4 ಯೂನಿಟ್ ಬೇಕು ಅನ್ನಿಸುತ್ತೆ, ಅಲ್ವಾ? ಆದರೆ ಲಿಸ್ಪ್ರೋ, ಆಸ್ಪಾರ್ಟ್ ತರಹದ ಇನ್ಸುಲಿನ್ ಸುಮಾರು 4 ಗಂಟೆ ಕೆಲಸ ಮಾಡುತ್ತದೆ, ಹಾಗಾಗಿ ಹಾಕಿದ 8ರಲ್ಲಿ ಹೆಚ್ಚುಕಡಿಮೆ ಅರ್ಧ ಇನ್ನೂ ಮೈಯಲ್ಲೇ ಇದೆ. ಅದರ ಮೇಲೆ ಮತ್ತೆ ಹಾಕಿದರೆ ಸಂಜೆ ಹೊತ್ತಿಗೆ ಬೆವರು, ನಡುಕ, ಲೋ ಶುಗರ್. 4 ಗಂಟೆ ಕಳೆದ ಮೇಲೆ ನೋಡಿ, ಆಗಲೂ ಜಾಸ್ತಿ ಇದ್ದರೆ ಕರೆಕ್ಷನ್ ಹಾಕಿ. ದಿನಾ ಇದೇ ಊಟಕ್ಕೆ ಹೀಗಾದರೆ ಅನುಪಾತವನ್ನೇ ಬದಲಿಸಬೇಕೇನೋ, ಡಾಕ್ಟರನ್ನು ಕೇಳಿ.

ವಾಂತಿ ಇದ್ದರೆ ಅಥವಾ ಟೆಸ್ಟ್‌ನಲ್ಲಿ ಕೀಟೋನ್ ಬಂದಿದ್ದರೆ ಮಾತ್ರ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಫೋನ್ ಮಾಡಿ.