ಮೂರು ಬಿರುದು, ಒಂದು ಬಡಪಾಯಿ ಮುಖ

ಮೊನ್ನೆಯಿಂದ ಎಲ್ಲರ ಫೋನಿನಲ್ಲೂ ಸುತ್ತುತ್ತಿರುವ ಆ ‘ಸಿನಿಮ್ಯಾಟಿಕ್ ಸ್ಟಿಲ್’ ನಿಮ್ಮ ಕಣ್ಣಿಗೂ ಬಿದ್ದಿರುತ್ತದೆ. ಮರದ ನೆರಳಿನಲ್ಲಿ ಒಬ್ಬ ತರುಣ ನಿಂತಿದ್ದಾನೆ. ಅವನ ಕಾಲಡಿಯಲ್ಲಿ, ಚಿತ್ರದ ಬಣ್ಣ ಹದಗೊಳಿಸುವ ಶೈಲಿಗಳ ಹೆಸರುಗಳಾದ ಟೀಲ್ ಅಂಡ್ ಆರೆಂಜ್, ಬ್ಲೀಚ್ ಬೈಪಾಸ್, ಮ್ಯೂಟೆಡ್ ಪಾಸ್ಟೆಲ್ ಎಂಬ ಮೂರು ಬಿರುದುಗಳು ಮೆರೆಯುತ್ತಿವೆ. ಈ ಮೂರನ್ನೂ ಒಂದೇ ಚಿತ್ರದಲ್ಲಿ ಸಾಧಿಸಿದ ಮಹನೀಯರಿಗೆ ದೀರ್ಘದಂಡ ನಮಸ್ಕಾರ. ಏಕೆಂದರೆ ಬ್ಲೀಚ್ ಬೈಪಾಸ್ ಕಪ್ಪನ್ನು ಇನ್ನಷ್ಟು ಕಪ್ಪಾಗಿಸಿ ಕಾಂಟ್ರಾಸ್ಟ್ ಏರಿಸುತ್ತದೆ, ಮ್ಯೂಟೆಡ್ ಪಾಸ್ಟೆಲ್ ಅದೇ ಕಪ್ಪನ್ನು ಬೂದುಬಣ್ಣಕ್ಕೆ ಎತ್ತಿ ಕಾಂಟ್ರಾಸ್ಟ್ ಇಳಿಸುತ್ತದೆ; ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವುದು ಇದಕ್ಕೇ. ಇನ್ನು ಟೀಲ್ ಅಂಡ್ ಆರೆಂಜ್ ಬದುಕುವುದೇ ನೀಲಿಹಸಿರಾದ ಟೀಲ್ ಮತ್ತು ಕಿತ್ತಳೆ ಎಂಬ ಎರಡು ಬಣ್ಣಗಳ ಎದ್ದುಕಾಣುವ ಅಂತರದಿಂದ, ಉಳಿದಿಬ್ಬರ ಕಸುಬೋ ಬಣ್ಣ ಬಸಿಯುವುದು.

ಬ್ಲೀಚ್ ಬೈಪಾಸ್ ಬಗ್ಗೆ ನನಗೆ ವಿಶೇಷ ಮರುಕವಿದೆ, ಏಕೆಂದರೆ ಅದು ಒಂದು ಕಾಲಕ್ಕೆ ನಿಜವಾದ ಕೆಲಸವಾಗಿತ್ತು. ಕಲರ್ ಫಿಲ್ಮ್ ಡೆವಲಪರ್‌ನಿಂದ ಹೊರಬಂದಾಗ ಅದರಲ್ಲಿ ಬಣ್ಣದ ಜೊತೆಗೆ ಲೋಹದ ಬೆಳ್ಳಿಯೂ ಇರುತ್ತದೆ. ಬ್ಲೀಚ್ ಆ ಬೆಳ್ಳಿಯನ್ನು ಕರಗಿಸಬಹುದಾದ ರೂಪಕ್ಕೆ ತರುತ್ತದೆ, ಫಿಕ್ಸರ್ ಅದನ್ನು ತೆಗೆದುಹಾಕುತ್ತದೆ. ಬ್ಲೀಚನ್ನು ಬಿಟ್ಟುಬಿಟ್ಟರೆ ಬೆಳ್ಳಿ ಅಲ್ಲಿಯೇ ಉಳಿದು, ಬಣ್ಣದ ಚಿತ್ರದ ಮೇಲೆ ಕಪ್ಪು-ಬಿಳುಪಿನ ಚಿತ್ರವೊಂದನ್ನು ಹೊದಿಸಿದಂತಾಗುತ್ತದೆ. 1960ರಲ್ಲಿ ಜಪಾನಿನ ನಿರ್ದೇಶಕ ಕೊನ್ ಇಚಿಕಾವಾ ಅವರ ಚಿತ್ರವೊಂದಕ್ಕೆ ಛಾಯಾಗ್ರಾಹಕ ಕಜುವೊ ಮಿಯಾಗಾವಾ ಇದನ್ನು ಬಳಸಿದರು. ನೆಗೆಟಿವ್‌ನಲ್ಲಿ ಮಾಡಿದರೆ ಬೆಳಕಿನ ಭಾಗಗಳು ವಿವರವಿಲ್ಲದೆ ಬೆಳ್ಳಗಾಗಿಬಿಡುತ್ತವೆ, ಆದ್ದರಿಂದ ಚಿತ್ರೀಕರಣದಲ್ಲೇ ಸುಮಾರು ಒಂದು ಸ್ಟಾಪ್, ಅಂದರೆ ಅರ್ಧದಷ್ಟು, ಕಡಿಮೆ ಬೆಳಕು ಕೊಡುವುದು ರೂಢಿ; ಪ್ರಿಂಟ್‌ನಲ್ಲಿ ಮಾಡಿದರೆ ನೆರಳುಗಳು ಗಾಢವಾಗುತ್ತವೆ. ಎಲ್ಲಿ ಬಿಡಬೇಕೆಂಬುದನ್ನು ಮೊದಲೇ ನಿರ್ಧರಿಸಬೇಕಿತ್ತು, ಲ್ಯಾಬಿಗೆ ಮರಳಿ ಸಿಗಬೇಕಾದ ಬೆಳ್ಳಿಯೂ ಹೋಗುತ್ತಿತ್ತು. ಈಗ ನಮ್ಮ ಮಹನೀಯರು ಬ್ಲೀಚೂ ಬೆಳ್ಳಿಯೂ ಇಲ್ಲದ ಫೋನಿನಲ್ಲಿ ಅದೇನನ್ನು ಬೈಪಾಸ್ ಮಾಡಿದರೋ! ಚಿತ್ರದ ಕಪ್ಪು-ಬಿಳುಪು ನಕಲೊಂದನ್ನು ಮೇಲಿಟ್ಟು ‘ಓವರ್‌ಲೇ’ ಮಾಡಿ ಅರ್ಧದಷ್ಟು ತೆಳುವಾಗಿಸಿದ್ದರೆ ಅನುಕರಣೆಯಾದರೂ ಹತ್ತಿರ ಬರುತ್ತಿತ್ತು. ಅವರು ಬರೀ ಸ್ಯಾಚುರೇಷನ್ ಇಳಿಸಿ ಕೈತೊಳೆದುಕೊಂಡಿದ್ದಾರೆ.

ಅಂದಹಾಗೆ, ಪಾಸ್ಟೆಲ್ ಇರಬೇಕಾದದ್ದು ಬಟ್ಟೆಯಲ್ಲಿ, ಗೋಡೆಯಲ್ಲಿ, ಮೆತ್ತನೆಯ ಬೆಳಕಿನಲ್ಲಿ. ಕಡುಹಳದಿ ಅಂಗಿಯನ್ನು ಸ್ಲೈಡರ್ ಎಳೆದು ಮಂಕಾಗಿಸಿದರೆ ಸಿಗುವುದು ಕೊಳಕು ಅಂಗಿ.

ಆ ತರುಣನ ಎಡಗೆನ್ನೆಯನ್ನು ದೊಡ್ಡದು ಮಾಡಿ ನೋಡಿ. ಎಲೆಗಳಿಂದ ಚಿಮ್ಮಿದ ಹಸಿರು ಬೆಳಕು ಅಲ್ಲಿ ಮೊದಲೇ ಬಿದ್ದಿತ್ತು. ನೆರಳನ್ನೆಲ್ಲ ಟೀಲ್‌ಗೆ ತಳ್ಳಿದ ಪ್ರೀಸೆಟ್ ಕೆನ್ನೆಯನ್ನೂ ಬಿಡದೆ ತಳ್ಳಿದೆ, ಬಿಸಿಲು ತಾಗಿದ ಹಣೆ ಮಾತ್ರ ಕಿತ್ತಳೆಯಾಗಿದೆ. ಬಣ್ಣ ಹದಗೊಳಿಸುವುದೇ ಕಸುಬಾದ ಕಲರಿಸ್ಟ್ ಆಗಿದ್ದರೆ ಮೊದಲು ಚರ್ಮವನ್ನು ಬೇರ್ಪಡಿಸಿ, ಅದು ಬಣ್ಣ ಅಳೆದು ತೋರಿಸುವ ವೆಕ್ಟರ್‌ಸ್ಕೋಪಿನಲ್ಲಿ ಕೆಂಪು-ಹಳದಿಗಳ ನಡುವಿನ ಗೆರೆಯ ಆಸುಪಾಸಿನಲ್ಲಿದೆಯೇ ಎಂದು ನೋಡಿ, ಆಮೇಲೆ ನೆರಳಿಗೆ ಕೈಹಾಕುತ್ತಿದ್ದರು. ಚರ್ಮ ಯಾವ ಮೈಬಣ್ಣದ್ದಾದರೂ ಬಹುಮಟ್ಟಿಗೆ ಆ ಗೆರೆಯ ಹತ್ತಿರವೇ ಬರುತ್ತದೆ, ಅದಕ್ಕೆ ಎದುರು ನಿಲ್ಲುವ ಬಣ್ಣ ಟೀಲ್; ಇಡೀ ಉಪಾಯ ಹುಟ್ಟಿದ್ದೇ ಮುಖ ಎದ್ದುಕಾಣಲಿ ಎಂದು. ಇಲ್ಲಿ ಹಿನ್ನೆಲೆಯೂ ಟೀಲ್, ಕೆನ್ನೆಯೂ ಟೀಲ್. ಜೀವಂತ ಮನುಷ್ಯನೊಬ್ಬನನ್ನು ಕೆರೆಯಿಂದ ಎತ್ತಿದ ಹೆಣದಂತೆ ಮಾಡಿ, ಅದರ ಕೆಳಗೆ ಮೂರು ಹೆಸರು ಬರೆದು ಚಪ್ಪಾಳೆ ಕೇಳುತ್ತಿದ್ದೀರಲ್ಲ, ಸ್ವಾಮಿ, ಒಮ್ಮೆಯಾದರೂ ಅವನ ಮುಖ ನೋಡಿದಿರಾ?