ಏಳಡಿ ಅಂದರೆ ಎಲ್ಲಿಂದ?

ಮೊದಲ ಸಲ ಮನೆ ಕಟ್ಟಿಸುವವರು ಸಾಮಾನ್ಯವಾಗಿ ಫಸಾಡ್‌ನಿಂದಲೇ ಶುರು ಮಾಡುತ್ತಾರೆ. ಮಂಡ್ಯದಲ್ಲಿ ಮೂವತ್ತು ನಲವತ್ತರ ಸೈಟಿನಲ್ಲಿ ಮನೆ ಎಬ್ಬಿಸುತ್ತಿರುವ ನಮ್ಮಕ್ಕನ ಮಗನೂ ಅಷ್ಟೇ. ಮನೆಯ ಮುಂಭಾಗ ಹೇಗಿರಬೇಕು ಅಂತ ಫೋನ್ ತುಂಬ ಚಿತ್ರ ಇಟ್ಟುಕೊಂಡಿದ್ದ. ಪ್ಲಿಂತ್ ಎಷ್ಟು ಎತ್ತರ ಅಂತ ಕೇಳಿದರೆ, "ಅದೆಲ್ಲ ಮೇಸ್ತ್ರಿಗೆ ಗೊತ್ತು ಬಿಡಿ ಮಾವ" ಅಂದ.

ಮೇಸ್ತ್ರಿಗೆ ಗೊತ್ತು, ನಿಜ. ಆದರೆ ಎಲ್ಲಿಂದ ಅಳೀತಾರೆ ಅನ್ನೋದು ನಮಗೂ ಗೊತ್ತಿರಬೇಕು. ನೆಲದೊಳಗೆ ಹೂತುಹೋಗುವುದು ಪಾಯ. ಅದರ ಮೇಲೆ, ಮನೆಯೊಳಗಿನ ನೆಲದ ಮಟ್ಟದವರೆಗೆ ಏಳುವುದು ಪ್ಲಿಂತ್. ಎರಡೂವರೆ ಅಡಿ ಪ್ಲಿಂತ್ ಅಂದರೆ ಕೇಳೋಕೆ ಚೆನ್ನಾಗಿದೆ. ಆದರೆ ಅವನ ಸೈಟು ರಸ್ತೆಗಿಂತ ಒಂದಡಿ ತಗ್ಗಿನಲ್ಲಿತ್ತು. ಸೈಟಿನ ಮಣ್ಣಿನಿಂದ ಅಳೆದರೆ ರಸ್ತೆಗಿಂತ ಮೇಲಕ್ಕೆ ಉಳಿಯೋದು ಒಂದೂವರೆ ಅಡಿ ಮಾತ್ರ. ಹಳೇ ಡಾಂಬರು ಕೀಳದೆ ಅದರ ಮೇಲೇ ಹೊಸದು ಹಾಕುವುದು ನಮ್ಮೂರುಗಳ ಪದ್ಧತಿ. ರಸ್ತೆ ಏರುತ್ತದೆ, ಮನೆ ಏರುವುದಿಲ್ಲ. ಹಾಗಾಗಿ ರಸ್ತೆಯ ನಡುಮಧ್ಯದ ಎತ್ತರ ಹಿಡಿದು, ನೀರು ತುಂಬಿದ ಟ್ಯೂಬಿನಲ್ಲಿ ಆ ಮಟ್ಟವನ್ನು ಸೈಟಿಗೆ ತಂದು, ಅಲ್ಲಿಂದ ಎರಡೂವರೆ ಅಡಿ ಲೆಕ್ಕ ಹಾಕಿಸಿದೆ. ನಾಲೆ ನೀರಿನ ಸೀಮೆ ಬೇರೆ. ಪ್ಲಿಂತ್ ಮೇಲೆ ತೇವ ತಡೆಯುವ ಪದರ ಸರಿಯಾಗಿ ಹಾಕದಿದ್ದರೆ ಇಟ್ಟಿಗೆ ಕೆಳಗಿನ ನೀರನ್ನು ಹೀರಿಕೊಂಡು ಮೇಲಕ್ಕೆ ತರುತ್ತದೆ. ಮೊಣಕಾಲೆತ್ತರಕ್ಕೆ ಬಣ್ಣ ಉಬ್ಬಿ, ಬಿಳಿ ಉಪ್ಪು ಕಾಣಿಸಿಕೊಂಡರೆ ಅದೇ ಕಾರಣ ಇರಬಹುದು ಅಂತ ಮೊದಲು ಅನುಮಾನ ಪಡಬೇಕು.

ಬಾಗಿಲು ಕಿಟಕಿಗಳ ಮೇಲೆ ಬರುವುದು ಲಿಂಟಲ್. ತೆರಪಿನ ಮೇಲಿರುವ ಗೋಡೆಯ ಭಾರ ಹೊತ್ತು ಅದನ್ನು ಎರಡೂ ಪಕ್ಕದ ಗೋಡೆಗೆ ದಾಟಿಸುವುದು ಅದರ ಕೆಲಸ.

"ಲಿಂಟಲ್ ಏಳಡಿಗೆ ಕೊಟ್ಟಿವ್ನಿ ಸಾ," ಅಂದರು ಮೇಸ್ತ್ರಿ.

"ಎಲ್ಲಿಂದ ಏಳಡಿ?"

ಅವರು ಪ್ಲಿಂತ್ ಬೀಮಿನ ತಲೆ ತೋರಿಸಿದರು. ಅದರ ಮೇಲೆ ಇನ್ನೂ ಗಾರೆ, ಟೈಲ್ಸು ಸೇರಿ ಮೂರಿಂಚು ಬರಬೇಕಿತ್ತು. ಬಾಗಿಲು ಆರಡಿ ಒಂಬತ್ತಿಂಚಿಗೆ ಇಳಿಯುತ್ತಿತ್ತು. ಆಮೇಲೆ ರೆಡಿಮೇಡ್ ಬಾಗಿಲು ತಂದವರು ಕೆಳಗಡೆ ಕೊಯ್ಯಬೇಕಾಗುತ್ತದೆ ಅಷ್ಟೇ. ಟೈಲ್ಸ್ ಮುಗಿದ ಮೇಲೆ ಬರುವ ನೆಲದ ಮಟ್ಟಕ್ಕೆ ಗೋಡೆಯ ಮೇಲೆ ಒಂದು ಗೆರೆ ಎಳೆಸಿ, ಏಳಡಿ ಅಲ್ಲಿಂದ ಹಿಡಿಸಿದೆವು.

ನಾಲ್ಕಡಿ ಕಿಟಕಿಗೆ ನಾಲ್ಕಡಿ ಲಿಂಟಲ್ ಸಾಲದು. ಎರಡು ಕಡೆಯೂ ಗೋಡೆಯ ಮೇಲೆ ಕನಿಷ್ಠ ಅರ್ಧ ಅಡಿ ಕೂರಬೇಕು, ಒಟ್ಟು ಐದಡಿ. ಭಾರ ಬಿದ್ದಾಗ ನಡುವೆ ಬಾಗಿ ಅಡಿಭಾಗ ಹಿಗ್ಗುತ್ತದೆ. ಕಾಂಕ್ರೀಟಿಗೆ ಎಳೆತ ತಡೆಯುವ ಶಕ್ತಿ ತೀರಾ ಕಡಿಮೆ, ಅದಕ್ಕೇ ಮುಖ್ಯ ಕಂಬಿ ಕೆಳಗಡೆ.

ಲಿಂಟಲ್ ಜೊತೆಗೇ ಹೊರಗೆ ಚಾಚುವ ಸಜ್ಜೆ ಬಂದಾಗ ಲೆಕ್ಕ ತಿರುಗಾಮುರುಗಾ. ತುಂಬಿದ ಬಕೆಟ್ ಹಿಡಿದು ಕೈ ಚಾಚಿದ ಹಾಗೆ, ಎಳೆತ ಬೀಳುವುದು ಮೇಲ್ಭಾಗಕ್ಕೆ. ಹಾಗಾಗಿ ಸಜ್ಜೆಯ ಕಂಬಿ ಮೇಲಿರಬೇಕು. ಕಾಂಕ್ರೀಟ್ ಸುರಿಯುವಾಗ ಹುಡುಗರು ಅದರ ಮೇಲೇ ಕಾಲಿಟ್ಟು ಓಡಾಡುತ್ತಾರೆ, ಕಂಬಿ ತಳ ಸೇರುತ್ತದೆ. ಒಮ್ಮೆ ಸುರಿದ ಮೇಲೆ ಯಾರಿಗೂ ಕಾಣುವುದಿಲ್ಲ. ಕೆಲವು ಮಳೆಗಾಲ ಕಳೆದ ಮೇಲೆ ಗೋಡೆ ಸೇರುವ ಜಾಗದಲ್ಲಿ, ಸಜ್ಜೆಯ ಮೇಲ್ಗಡೆ ಉದ್ದಕ್ಕೆ ಬಿರುಕು ಬಂದರೆ ಇದನ್ನೇ ಸಂಶಯ ಪಡಬೇಕು. ಸುರಿಯುವ ದಿನ ಮನೆಯವರು ನೋಡಬೇಕಾದ್ದು ಇದೊಂದೇ ಅಂತ ನನ್ನ ಅಭಿಪ್ರಾಯ. ಪೂಜೆ, ಟೀ ಎಲ್ಲ ಆಮೇಲೆ. ಇನ್ನೊಂದು ಮಾತು: ಕಾಂಕ್ರೀಟ್ ಗಟ್ಟಿಯಾಯಿತು ಅಂತ ಸಜ್ಜೆಯ ಊರುಗೋಲು ತೆಗೆಯಬಾರದು. ಲಿಂಟಲ್ ಮೇಲೆ ಗೋಡೆ ಎದ್ದು, ಆ ಭಾರ ಹಿಂದಿನಿಂದ ಒತ್ತಿ ಹಿಡಿಯುವ ತನಕ ಸಜ್ಜೆ ಮುಂದಕ್ಕೆ ಮಗುಚಬಹುದು.

ಕಾರ್ನಿಸ್ ಅಂದರೆ ಗೋಡೆಯ ನೆತ್ತಿಯಲ್ಲಿ ಹೊರಚಾಚುವ ಪಟ್ಟಿ. ಮೈಸೂರಿನ ಹಳೇ ಕಟ್ಟಡಗಳಲ್ಲಿ ತಲೆ ಎತ್ತಿ ನೋಡಿದರೆ ಕಾಣುತ್ತೆ. ಅಂದ ಹೌದು, ಜೊತೆಗೆ ಮಳೆನೀರನ್ನು ಗೋಡೆಯಿಂದ ಆಚೆ ಎಸೆಯುತ್ತದೆ. ಅದರ ತಳದಲ್ಲಿ, ಅಂಚಿಗೆ ಹತ್ತಿರ, ಅರ್ಧ ಇಂಚಿನ ತೋಡು ಬಿಡಿಸದಿದ್ದರೆ ನೀರು ತಳಕ್ಕೇ ಅಂಟಿಕೊಂಡು ವಾಪಸ್ ಗೋಡೆಗೆ ಬರುತ್ತದೆ. ಸಜ್ಜೆಗೂ ಇದೇ ಮಾತು. ಗಾರೆಯವರಿಗೆ ಮೊದಲೇ ಹೇಳಿಬಿಡಿ.

ಇನ್ನು ಆ ಫಸಾಡ್. ನಮ್ಮ ಹುಡುಗನಿಗೆ ಕಿಟಕಿ ಸುತ್ತ ಹೊರಗೆ ಚಾಚಿದ ಪೆಟ್ಟಿಗೆ ಥರದ ಚೌಕಟ್ಟು ಬೇಕು. ಅದನ್ನು ಕೊನೆಗೆ ನೋಡೋಣ ಅಂದುಕೊಂಡಿದ್ದ. ಆದರೆ ಅದರ ಕಂಬಿ ಲಿಂಟಲ್‌ನಿಂದಲೋ ಮೋಲ್ಡ್‌ನಿಂದಲೋ ಹೊರಡಬೇಕು. ಸುರಿದಾದ ಮೇಲೆ ನೆನಪಾದರೆ ಕಾಂಕ್ರೀಟ್ ಕೊರೆದು ಕಂಬಿ ನೆಡಬೇಕು, ಖರ್ಚೂ ಜಾಸ್ತಿ. ಕೊನೆಗೆ ಒಂದು ಚಿತ್ರ ಆರಿಸಿ ಮೇಸ್ತ್ರಿಗೆ ಕಳಿಸಿದ. ಅವರು ನೋಡಿ, ಆ ಕಿಟಕಿಯ ಲಿಂಟಲ್‌ಗೆ ಇನ್ನೆರಡು ಕಂಬಿ ಬೇಕು ಅಂದರು.