ಐಎಸ್‌ಬಿಎನ್ ಮೆಸೇಜ್ ಬಗ್ಗೆ ಸ್ಪಷ್ಟನೆ

"ನಿಮ್ಮ ಹಸ್ತಪ್ರತಿ ಆಯ್ಕೆಯಾಗಿದೆ. 48,000 ರೂಪಾಯಿಗೆ ಸರ್ಕಾರಿ ಮಾನ್ಯತೆಯ ಐಎಸ್‌ಬಿಎನ್ ಸಮೇತ ಪುಸ್ತಕ. ಮುಂಬೈ ಕನ್ನಡ ಲೇಖಕರಿಗೆ ಮಾತ್ರ."

ಕಳೆದ ವಾರ ಇದನ್ನು ನಮ್ಮ ಡೊಂಬಿವಲಿ ಬಳಗಕ್ಕೆ ನಾನೂ ಕಳಿಸಿದ್ದೆ. ತಪ್ಪಾಯಿತು, ಕ್ಷಮಿಸಿ.

ಐಎಸ್‌ಬಿಎನ್ ಅಂದರೆ ಮಾನ್ಯತೆಯಲ್ಲ, ಪುಸ್ತಕವನ್ನು ಗುರುತಿಸುವ 13 ಅಂಕಿಯ ಸಂಖ್ಯೆ, ಅಷ್ಟೆ. ಒಳಗಿನ ಬರಹ ಚೆನ್ನಾಗಿದೆಯೋ ಇಲ್ಲವೋ ಎಂದು ಯಾರೂ ನೋಡುವುದಿಲ್ಲ. ಅದರಿಂದ ಹಕ್ಕುಸ್ವಾಮ್ಯವೂ ಸಿಗುವುದಿಲ್ಲ. ನಮ್ಮಲ್ಲಿ ಅದನ್ನು ಕೊಡುವುದು ಕೇಂದ್ರ ಶಿಕ್ಷಣ ಸಚಿವಾಲಯದಡಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ. ಲೇಖಕರೇ isbn.gov.in ನಲ್ಲಿ ಅರ್ಜಿ ಹಾಕಬಹುದು, ಶುಲ್ಕವಿಲ್ಲ.

ಆ ಮೆಸೇಜ್ ನಂಬಿ ವಿಚಾರಿಸಿದ ನಮ್ಮ ಬಳಗದ ಅಕ್ಕನೊಬ್ಬರು ಕರಾರುಪತ್ರ ತಂದು ತೋರಿಸಿದರು. ಖರ್ಚಿನ ಪಟ್ಟಿಯಲ್ಲಿ "ಐಎಸ್‌ಬಿಎನ್ ನೋಂದಣಿ 9,000", "ಏಜೆಂಟರ ಓದುವ ಶುಲ್ಕ 5,000" ಎಂದಿತ್ತು. ಮೂರನೇ ಪುಟದಲ್ಲಿ ಸಣ್ಣಕ್ಷರದಲ್ಲಿ, ಲೇಖಕರಿಗೆ 25 ಪ್ರತಿ, ಉಳಿದದ್ದು ಬೇಡಿಕೆ ಬಂದಂತೆ ಮುದ್ರಣ. ಬೇಡಿಕೆ ಬರದಿದ್ದರೆ ಅಚ್ಚಾಗುವುದು ಆ 25 ಮಾತ್ರ, ಅಂದರೆ ಪ್ರತಿಯೊಂದಕ್ಕೆ 1,920 ರೂಪಾಯಿ! ಅಂಗಡಿಗಳಿಗೆ ತಲುಪಿಸುವ ಹೊಣೆ ಯಾರದೆಂದು ಎಲ್ಲೂ ಬರೆದಿರಲಿಲ್ಲ. ನಾನು ಮೊದಲು ಹುಡುಕುವ ಸಾಲೇ ಅದು.

ಏಜೆಂಟರ ವಿಷಯವೂ ಹೀಗೆಯೇ. ನಿಜವಾದ ಏಜೆಂಟ್ ಪುಸ್ತಕವನ್ನು ಪ್ರಕಾಶಕರಿಗೆ ಒಪ್ಪಿಸಿ, ನಿಮಗೆ ಬರುವ ಹಣದಲ್ಲಿ ಸಾಮಾನ್ಯವಾಗಿ ಶೇ. 15ರಷ್ಟು ಕಮಿಷನ್ ಪಡೆಯುತ್ತಾರೆ, ಓದುವುದಕ್ಕೇ ದುಡ್ಡು ಕೇಳುವುದಿಲ್ಲ.

ಸ್ವಂತ ಖರ್ಚಿನಲ್ಲಿ ಪುಸ್ತಕ ತರುವುದು ತಪ್ಪೇನಲ್ಲ. ಆದರೆ ಅದಕ್ಕೆ "ಆಯ್ಕೆ" ಎಂಬ ಹೆಸರು ಬೇಡ.

ದಯವಿಟ್ಟು ಆ ಮೆಸೇಜ್ ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅಲ್ಲಿಗೆ ಇದನ್ನೂ ಹಾಕಿ.